ಗೆರೆಗೆ ಇಳಿಯದ ಮೇಕಪ್: 50 ದಾಟಿದ ಮುಖಕ್ಕೆ

ಹಚ್ಚುವಾಗ ಚೆನ್ನಾಗಿಯೇ ಕಂಡ ಫೌಂಡೇಶನ್ ಒಂದೆರಡು ಗಂಟೆಯೊಳಗೆ ಕಣ್ಣಿನ ಕೆಳಗಿನ ಗೆರೆಗಳಲ್ಲಿ, ಮೂಗಿನ ಬದಿಯಿಂದ ಬಾಯಿಯ ಅಂಚಿಗೆ ಇಳಿಯುವ ಮಡಿಕೆಯಲ್ಲಿ ಹೋಗಿ ಕೂರುವುದು 50 ದಾಟಿದವರ ಮೇಕಪ್ಪಿನ ದೊಡ್ಡ ತೊಂದರೆ. ಮುಚ್ಚಬೇಕೆಂದಿದ್ದ ಗೆರೆಯೇ ಆಗ ಎದ್ದು ಕಾಣುತ್ತದೆ. ಇದಕ್ಕೆ ವಯಸ್ಸನ್ನು ದೂರುವುದು ರೂಢಿ. ಆದರೆ ತಪ್ಪು ಹೆಚ್ಚಾಗಿ ಹಚ್ಚಿದ ಪ್ರಮಾಣದಲ್ಲಿ ಮತ್ತು ಅದರ ಮೇಲೆ ಧಾರಾಳವಾಗಿ ಉದುರಿಸಿದ ಪೌಡರಿನಲ್ಲಿ ಇರುತ್ತದೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದರಿಂದ ಚರ್ಮದ ಎಣ್ಣೆಯ ಪಸೆ ಕಡಿಮೆಯಾಗುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಕೂಡ ಕುಗ್ಗುತ್ತದೆ. ಕಣ್ಣಿನ ಸುತ್ತಲಿನ ಚರ್ಮ ಮೊದಲೇ ಬಹಳ ತೆಳು, ಅಲ್ಲಿ ಎಣ್ಣೆಗ್ರಂಥಿಗಳೂ ಕಡಿಮೆ. ರೆಪ್ಪೆ ಬಡಿದಾಗ, ನಕ್ಕಾಗ ಆ ಚರ್ಮ ಪ್ರತಿಸಲವೂ ಮಡಿಸಿಕೊಳ್ಳುತ್ತದೆ. ಹಚ್ಚಿದ ಕ್ರೀಮಿನ ನೀರಿನಂಶ ಆರಿದ ಮೇಲೆ ಉಳಿಯುವುದು ಬಣ್ಣದ ಪದರ ಮಾತ್ರ. ಪದರ ತೆಳುವಾಗಿದ್ದರೆ ಚರ್ಮದ ಜೊತೆಗೇ ಮಡಿಸಿ ಬಿಚ್ಚಿಕೊಳ್ಳುತ್ತದೆ. ದಪ್ಪವಾಗಿದ್ದರೆ ಪ್ರತಿ ಮಡಿಕೆಯೂ ಅದನ್ನು ಗೆರೆಯ ಕಡೆಗೆ ತಳ್ಳುತ್ತದೆ. ಮೇಲೆ ಬಿದ್ದ ಪೌಡರ್ ಇದ್ದಬದ್ದ ಪಸೆಯನ್ನೂ ಹೀರಿಕೊಂಡು ಗೆರೆಯಲ್ಲಿ ಗಟ್ಟಿಯಾಗುತ್ತದೆ.

ಆದ್ದರಿಂದ ಕೆಲಸ ಶುರುವಾಗುವುದು ಮಾಯಿಶ್ಚರೈಸರಿನಿಂದ. ಮುಖ ತೊಳೆದು, ತೇವ ಇನ್ನೂ ಸ್ವಲ್ಪ ಉಳಿದಿರುವಾಗಲೇ ಗ್ಲಿಸರಿನ್ ಅಥವಾ ಹಯಾಲುರಾನಿಕ್ ಆಸಿಡ್ ಇರುವ ಕ್ರೀಮನ್ನು ಹಚ್ಚಿ ಸುಮಾರು 10 ನಿಮಿಷ ಬಿಡಬೇಕು. ಹಗಲಾದರೆ ಅದರ ಮೇಲೆ ಸನ್‌ಸ್ಕ್ರೀನ್, ಮತ್ತೆ ಸ್ವಲ್ಪ ಹೊತ್ತು. ಗಡಿಬಿಡಿಯಲ್ಲಿ ಎಲ್ಲರೂ ಬಿಟ್ಟುಬಿಡುವುದು ಈ ಕಾಯುವಿಕೆಯನ್ನೇ. ಕೆಳಗಿನ ಪದರ ಆರುವ ಮೊದಲೇ ಇನ್ನೊಂದನ್ನು ಉಜ್ಜಿದರೆ ಎರಡೂ ಸೇರಿ ಸಣ್ಣ ಸಣ್ಣ ಉಂಡೆಗಳಾಗಿ ಎದ್ದುಬರುತ್ತವೆ. ಹಾಗಾದಾಗ ಮೇಲೆ ತೇಪೆ ಹಾಕದೆ ಒರೆಸಿ ಮೊದಲಿನಿಂದ ಶುರುಮಾಡುವುದೇ ಸರಿ. ಒಣ ಚರ್ಮವೆಂದು ಕೊಬ್ಬರಿ ಎಣ್ಣೆ ಸವರಿ ಅದರ ಮೇಲೆ ಮೇಕಪ್ ಮಾಡುವವರೂ ಇದ್ದಾರೆ. ರಾತ್ರಿ ಮಲಗುವಾಗ ಅದು ಹಿಡಿಸುವವರಿಗೆ ಹಿಡಿಸೀತು. ಮೇಕಪ್ಪಿನಡಿಗೆ ಮಾತ್ರ ಬೇಡ, ಎಣ್ಣೆಯ ಮೇಲೆ ಬಣ್ಣ ನಿಲ್ಲದೆ ಜಾರುತ್ತದೆ. ಹಚ್ಚಿದ್ದು ಇಂಗಿದೆಯೇ ಎಂದು ತಿಳಿಯಲು ಕೆನ್ನೆಗೆ ಟಿಶ್ಯೂ ಒತ್ತಿ ನೋಡಿದರೆ ಸಾಕು. ಕಾಗದಕ್ಕೆ ಜಿಡ್ಡು ಹತ್ತಿದರೆ ಇನ್ನೊಮ್ಮೆ ಒತ್ತಿ ತೆಗೆಯಬೇಕು.

ಒಂದು ಉದಾಹರಣೆ ನೋಡಬಹುದು. ಮನೆಯ ಮದುವೆಗೆ ಹೊರಟಿರುವ 58ರ ಹೆಂಗಸು. ಗೋಧಿ ಬಣ್ಣ, ಕಣ್ಣಿನ ಕೆಳಗೆ ಕಂದು ಕಪ್ಪು, ತುಸು ಜೋತುಬಿದ್ದ ರೆಪ್ಪೆ. ಮುಹೂರ್ತ ಬೆಳಗ್ಗೆ, ಫೋಟೋ ಮಧ್ಯಾಹ್ನದವರೆಗೂ. ಇಂಥ ಕಪ್ಪಿನ ಮೇಲೆ ನೇರವಾಗಿ ತಿಳಿಬಣ್ಣದ ಕನ್ಸೀಲರ್ ಬಳಿದರೆ ಬೂದಿ ಬಳಿದಂತಾಗುತ್ತದೆ. ಅದನ್ನು ಮರೆಸಲು ಒಂದರ ಮೇಲೊಂದು ಪದರ, ಪದರ ಹೆಚ್ಚಿದಷ್ಟೂ ಗೆರೆ. ಅದರ ಬದಲು ಮೊದಲು ಕಿತ್ತಳೆ ಛಾಯೆಯ ಕರೆಕ್ಟರನ್ನು ಅಕ್ಕಿಕಾಳಿನಷ್ಟು ತೆಗೆದುಕೊಂಡು, ಕಪ್ಪು ಇರುವಲ್ಲಿಗೆ ಮಾತ್ರ, ಸಾಮಾನ್ಯವಾಗಿ ಮೂಗಿನ ಪಕ್ಕದ ಒಳಮೂಲೆಯಿಂದ ಕೆಳಗಿನ ತಗ್ಗಿನವರೆಗೆ, ಉಂಗುರದ ಬೆರಳಿನಿಂದ ತಟ್ಟಬೇಕು. ಎಳೆಯಬಾರದು. ರೆಪ್ಪೆಕೂದಲಿನ ಬುಡದವರೆಗೂ ಒಯ್ಯಬೇಕಿಲ್ಲ. ಹೆಚ್ಚು ಮಡಿಸುವ ಜಾಗ ಅದೇ. ಕಪ್ಪು ಕಿತ್ತಳೆಯೊಳಗೆ ಅಡಗಿದ ಮೇಲೆ ಚರ್ಮದ ಬಣ್ಣದ್ದೇ ಕನ್ಸೀಲರ್ ಅದಕ್ಕಿಂತಲೂ ಕಡಿಮೆ ಸಾಕು. ಫೌಂಡೇಶನ್ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು. ಮೂಗಿನ ಸುತ್ತ ಮತ್ತು ಗಲ್ಲದ ಮೇಲೆ ಶುರುಮಾಡಿ, ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ಹೊರಗಡೆಗೆ ಒತ್ತುತ್ತಾ ಹೋದರೆ ಕಿವಿಯ ಹತ್ತಿರ ಬರುವಷ್ಟರಲ್ಲಿ ಹೆಚ್ಚುಕಡಿಮೆ ಏನೂ ಉಳಿದಿರುವುದಿಲ್ಲ. ಉಳಿಯಬೇಕಾಗಿಯೂ ಇಲ್ಲ.

ಪೌಡರಿಗೆ ಮೊದಲು ಒಂದೆರಡು ನಿಮಿಷ ಮಾತಾಡಿ, ನಕ್ಕು, ಕನ್ನಡಿ ನೋಡಬೇಕು. ಗೆರೆಗೆ ಇಳಿಯುವುದು ಅಷ್ಟರಲ್ಲೇ ಇಳಿದಿರುತ್ತದೆ. ಆಗ ಕತ್ತು ಬಗ್ಗಿಸದೆ ಮೇಲೆ ನೋಡಿದರೆ ಕಣ್ಣಿನ ಕೆಳಗಿನ ಚರ್ಮ ಹರಡಿಕೊಳ್ಳುತ್ತದೆ. ಗೆರೆಯಲ್ಲಿ ಸೇರಿದ್ದನ್ನು ಬರಿ ಬೆರಳಿನಿಂದ ತಟ್ಟಿ ಸರಿಮಾಡಿ, ಕಣ್ಣು ಕೆಳಗಿಳಿಸುವ ಮೊದಲೇ ಪೌಡರ್ ಒತ್ತಬೇಕು. ನುಣುಪಾದ ಲೂಸ್ ಪೌಡರನ್ನು ಸಣ್ಣ ಪಫ್‌ಗೆ ತಾಗಿಸಿ, ಅಂಗೈ ಹಿಂಬದಿಯ ಮೇಲೆ ಕೊಡವಿ, ಪಫ್‌ನಲ್ಲಿ ಉಳಿದಷ್ಟೇ ಸಾಕು. ಆಮೇಲೆ ಮೂಗಿನ ಬದಿ, ಹಣೆಯ ನಡುವೆ. ಕೆನ್ನೆಗೆ ಪೌಡರ್ ಬೇಡವೇ ಬೇಡ. ಕಣ್ಣಿನ ಕೆಳಗೆ ಪೌಡರನ್ನು ದಪ್ಪಗೆ ಸುರಿದು ಹತ್ತು ನಿಮಿಷ ಬಿಡುವ ವಿಧಾನ ವಿಡಿಯೊಗಳಲ್ಲಿ ಕಾಣಿಸುತ್ತದೆ. ಇಪ್ಪತ್ತರ ಚರ್ಮಕ್ಕೆ ಅದು ನಡೆದೀತು, ಐವತ್ತೆಂಟರದ್ದಕ್ಕೆ ಅದಕ್ಕಿಂತ ಕೆಟ್ಟದ್ದು ಇಲ್ಲ.

ಬುಡ ಇಷ್ಟು ತೆಳುವಾದ ಮೇಲೆ ನೋಟ ಎಲ್ಲಿ ನಿಲ್ಲಬೇಕು ಎಂಬುದನ್ನು ಬಣ್ಣದಿಂದ ಹೇಳಬಹುದು. ಬ್ಲಶ್ ಕ್ರೀಮ್ ರೂಪದ್ದಾದರೆ ಚರ್ಮದೊಳಗಿನದೇ ಎಂಬಂತೆ ಕಾಣುತ್ತದೆ. ನಕ್ಕು, ಉಬ್ಬಿದ ಕೆನ್ನೆಗೆ ಹಚ್ಚುವುದು ಹಳೆಯ ಪದ್ಧತಿ. ಆದರೆ ನಗು ನಿಂತಾಗ ಬಣ್ಣವೂ ಕೆನ್ನೆಯ ಜೊತೆ ಕೆಳಗಿಳಿದು ಮುಖ ಜೋತಂತೆ ಕಾಣುತ್ತದೆ. ಮುಖ ಸಡಿಲ ಬಿಟ್ಟು, ಕಣ್ಣಪಾಪೆಯ ನೇರದಿಂದ ಹೊರಕ್ಕೆ, ಕೆನ್ನೆಮೂಳೆಯ ಮೇಲೆ ಕಿವಿಯ ಮೇಲ್ತುದಿಯ ಕಡೆಗೆ ಒಯ್ದರೆ ಮುಖ ಎತ್ತಿದಂತಾಗುತ್ತದೆ. ಐಶ್ಯಾಡೋ ಹಚ್ಚುವಾಗ ಕಣ್ಣು ಮುಚ್ಚಬಾರದು. ಕನ್ನಡಿಯನ್ನು ಕಣ್ಣಿನ ನೇರಕ್ಕೆ ಇಟ್ಟು ನೆಟ್ಟಗೆ ನೋಡುತ್ತಾ, ಜೋತ ರೆಪ್ಪೆಯ ಮಡಿಕೆಗಿಂತ ತುಸು ಮೇಲೆ ಹೊಳಪಿಲ್ಲದ ಕಂದು ಬಣ್ಣವನ್ನು ಗುರುತಿಸಬೇಕು. ಮಡಿಕೆಯೊಳಗೆ ಹಚ್ಚಿದ ಬಣ್ಣ ಕಣ್ಣು ತೆರೆದರೆ ಕಾಣುವುದೇ ಇಲ್ಲ. ಮಿನುಗು ಬೇಕಿದ್ದರೆ ರೆಪ್ಪೆಯ ನಡುವಿನ ನಯವಾದ ಜಾಗದಲ್ಲಿ ಮಾತ್ರ. ಸುಕ್ಕಿನ ಮೇಲೆ ಬಿದ್ದ ಮಿನುಗು ಬೆಳಕನ್ನು ಹಿಡಿದು ಸುಕ್ಕನ್ನೇ ತೋರಿಸುತ್ತದೆ. ಕಾಡಿಗೆಯನ್ನು ಕೆಳಗಿನ ರೆಪ್ಪೆಗಿಂತ ಮೇಲಿನ ರೆಪ್ಪೆಕೂದಲಿನ ಬುಡಕ್ಕೆ ಕೊಡುವುದು ಮೇಲು. ಕೆಳಗಿನದು ಮಧ್ಯಾಹ್ನದೊಳಗೆ ಹರಡಿ, ಬೆಳಗ್ಗೆ ಶ್ರಮಪಟ್ಟು ಮರೆಮಾಡಿದ ಕಪ್ಪನ್ನು ಮತ್ತೆ ತಂದಿಡುತ್ತದೆ. ದೂರದೃಷ್ಟಿ ದೋಷಕ್ಕೆ ಹಾಕುವ ಪ್ಲಸ್ ಕನ್ನಡಕ ಕಣ್ಣನ್ನೂ ಅದರ ಸುತ್ತಲಿನ ಗೆರೆಗಳನ್ನೂ ದೊಡ್ಡದು ಮಾಡುವುದರಿಂದ, ಅದನ್ನು ಹಾಕುವವರು ಇನ್ನೂ ಕಡಿಮೆ ಹಚ್ಚಬೇಕು.

ತುಟಿಯ ಮೇಲಿನ ಉದ್ದುದ್ದ ಗೆರೆಗಳಿಗೆ ಲಿಪ್‌ಸ್ಟಿಕ್ ಹರಿಯದಿರಲು ಅದೇ ಬಣ್ಣದ ಲೈನರಿನಿಂದ ಅಂಚು ಮಾತ್ರವಲ್ಲ, ಇಡೀ ತುಟಿ ತುಂಬಬೇಕು. ಆಮೇಲೆ ಲಿಪ್‌ಸ್ಟಿಕ್, ಟಿಶ್ಯೂ ಒತ್ತಿ ತೆಗೆದು ಇನ್ನೊಂದು ತೆಳು ಪದರ. ಒಣಗಿದ ತುಟಿಗೆ ಪೂರ್ತಿ ಮ್ಯಾಟ್ ಆದದ್ದು ಬಿರುಕುಬಿಟ್ಟಂತೆ ಕಾಣುವುದರಿಂದ ಸ್ವಲ್ಪ ಪಸೆಯಿರುವ ಬಗೆ ಒಳ್ಳೆಯದು.

ಕಣ್ಣಿನ ಕೆಳಗಿನ ಚೀಲದಂಥ ಉಬ್ಬಿಗೆ ಮಾತ್ರ ಇವು ಯಾವುದೂ ಪೂರ್ತಿ ಉಪಾಯವಲ್ಲ. ಅಲ್ಲಿ ಕಪ್ಪಾಗಿ ಕಾಣುವುದು ಉಬ್ಬಿನ ಕೆಳಗೆ ಬಿದ್ದ ನೆರಳು. ಉಬ್ಬಿನ ಮೇಲೆ ತಿಳಿಬಣ್ಣ ಹಚ್ಚಿದರೆ ಅದು ಇನ್ನಷ್ಟು ಮುಂದೆ ಬಂದಂತೆ ಕಾಣುತ್ತದೆ. ನೆರಳಿನ ಗೆರೆಯ ಮೇಲಷ್ಟೇ ಕಡ್ಡಿಯಷ್ಟು ತೆಳುವಾದ ಬ್ರಷ್‌ನಲ್ಲಿ ಕನ್ಸೀಲರ್ ಎಳೆದರೆ ಸ್ವಲ್ಪ ಸಮವಾದಂತೆ ತೋರುತ್ತದೆ, ಅಷ್ಟೇ.

ಮಧ್ಯಾಹ್ನದ ಊಟದ ಹೊತ್ತಿಗೆ ಗೆರೆ ಕಾಣತೊಡಗಿದರೆ ಕಾಂಪ್ಯಾಕ್ಟ್ ತೆಗೆಯಬಾರದು. ಬೆವರಿದ್ದರೆ ಟಿಶ್ಯೂ ಒತ್ತಿ, ಗೆರೆಯಲ್ಲಿ ಸೇರಿದ್ದನ್ನು ಬೆರಳಿನಿಂದ ತಟ್ಟಿ ಹರಡಿದರೆ ಆಯಿತು. ಅದು ತೀರಾ ಒಣಗಿ ಹರಡದೇ ಹೋದರೆ ಒಂದು ಹನಿ ಮಾಯಿಶ್ಚರೈಸರನ್ನು ಬೆರಳತುದಿಯಲ್ಲಿ ಬೆಚ್ಚಗಾಗಿಸಿ ಅಲ್ಲಿಗೆ ಒತ್ತಬಹುದು.