ಕುರಿಮರಿಯ ರಕ್ತದಲ್ಲಿ ಗಾಮಾ ಡೆಲ್ಟಾ ಟಿ ಕೋಶಗಳು

ತುಮಕೂರು ಜಿಲ್ಲೆಯ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ಕುರಿಮಂದೆ ನಿಮಗೆ ಹೊಸ ನೋಟವಲ್ಲ. ಆದರೆ ಆ ಮಂದೆಯ ಎಳೆಯ ಮರಿಗಳ ರಕ್ತವು ನಮ್ಮ ರಕ್ತಕ್ಕಿಂತ ಒಂದು ವಿಷಯದಲ್ಲಿ ತೀರ ಭಿನ್ನ.

ರೋಗರಕ್ಷಣೆಯಲ್ಲಿ ಎರಡು ಬಗೆಯೆಂದು ನಾವು ಪಾಠ ಮಾಡುತ್ತೇವೆ. ಸಹಜ ರಕ್ಷಣೆ ಕೆಲವೇ ಗಂಟೆಗಳಲ್ಲಿ ಎಚ್ಚರಗೊಳ್ಳುತ್ತದೆ. ಅರ್ಜಿತ ರಕ್ಷಣೆಗೆ ದಿನಗಳು ಬೇಕು, ಆದರೆ ಅದಕ್ಕೆ ನೆನಪಿರುತ್ತದೆ. ಈ ಎರಡರ ನಡುವೆ ನಿಲ್ಲುವ ಲಿಂಫೋಸೈಟ್‌ಗಳೂ ಉಂಟು. ಗಾಮಾ ಡೆಲ್ಟಾ ಟಿ ಕೋಶ ಅಂಥದ್ದು. ಇದರ ಗ್ರಾಹಕವೂ ಇತರ ಟಿ ಕೋಶಗಳಂತೆ ಜೀನ್ ತುಣುಕುಗಳ ಮರುಜೋಡಣೆಯಿಂದಲೇ ಆಗುತ್ತದೆ. ಆದರೆ ಸಾಮಾನ್ಯ ಟಿ ಕೋಶಕ್ಕೆ ಬೇಕಾದಂತೆ, ರೋಗಾಣುವಿನ ಪ್ರೋಟೀನ್ ಚೂರನ್ನು ಎಂಎಚ್‌ಸಿ ಅಣುವಿನ ಮೇಲಿಟ್ಟು ತೋರಿಸಬೇಕೆಂಬ ನಿಯಮ ಇದಕ್ಕಿಲ್ಲ. ಆದ್ದರಿಂದ ಬೇಗ ಸ್ಪಂದಿಸಬಲ್ಲದು. ಎನ್‌ಕೆಟಿ ಕೋಶವೂ ಇದೇ ಗುಂಪಿನದು. ಅದು ಸಿಡಿ1ಡಿ ಅಣು ತೋರಿಸುವ ಕೊಬ್ಬಿನ ಅಂಶವನ್ನು ಗುರುತಿಸುತ್ತದೆ.

ವಯಸ್ಕ ಮನುಷ್ಯನ ರಕ್ತದ ಟಿ ಕೋಶಗಳಲ್ಲಿ ಗಾಮಾ ಡೆಲ್ಟಾ ಬಗೆಯವು ಸಾಮಾನ್ಯವಾಗಿ ಶೇ. 1ರಿಂದ 10. ಎಳೆಯ ಕುರಿಮರಿ, ಕರುಗಳಲ್ಲಾದರೋ ರಕ್ತದ ಲಿಂಫೋಸೈಟ್‌ಗಳ ಅರ್ಧಕ್ಕೂ ಮೀರಿ ಇರಬಹುದು. ವಯಸ್ಸಾದಂತೆ ಈ ಪಾಲು ಬಹಳ ಇಳಿಯುತ್ತದೆ. ಇವುಗಳಲ್ಲಿ ಹಲವು ಡಬ್ಲ್ಯುಸಿ1 ಎಂಬ ಅಣುವನ್ನು ಹೊರಮೈಯಲ್ಲಿ ಹೊತ್ತಿರುತ್ತವೆ. ದನಗಳಲ್ಲಿ ಇದು ಲೆಪ್ಟೊಸ್ಪೈರಾದಂಥ ಬ್ಯಾಕ್ಟೀರಿಯಾವನ್ನು ಗುರುತಿಸಲು ನೆರವಾಗುತ್ತದೆಂದು ತಿಳಿದಿದೆ.

ಇದನ್ನು ಮರೆತರೆ ಲೆಕ್ಕ ತಪ್ಪುವುದು ಹೀಗೆ. ಒಂದು ಮರಿಯ 100 ಲಿಂಫೋಸೈಟ್‌ಗಳನ್ನು ಮನುಷ್ಯರಿಗೆ ಬಳಸುವ ಕ್ರಮದಲ್ಲಿಯೇ ಎಣಿಸಿದಿರಿ ಎನ್ನಿ. ಬಿ ಕೋಶ 20, ಸಿಡಿ4 ಇರುವವು 20, ಸಿಡಿ8 ಇರುವವು 10 ಬಂದವು. ಒಟ್ಟು 50. ಉಳಿದ 50 ಎಲ್ಲಿ? ಪರೀಕ್ಷೆ ಕೆಟ್ಟಿತು, ಇಲ್ಲವೇ ಮರಿಗೆ ರೋಗವಿದೆ ಎಂದು ತೀರ್ಮಾನಿಸಬಾರದು. ರಕ್ತದ ಗಾಮಾ ಡೆಲ್ಟಾ ಕೋಶಗಳ ಬಹುಪಾಲಿನಲ್ಲಿ ಸಿಡಿ4 ಆಗಲಿ ಸಿಡಿ8 ಆಗಲಿ ಇರುವುದಿಲ್ಲ. ಡಬ್ಲ್ಯುಸಿ1 ಒಂದನ್ನೇ ಹುಡುಕಿದರೂ ಅದಿಲ್ಲದ ಗಾಮಾ ಡೆಲ್ಟಾ ಕೋಶಗಳು ತಪ್ಪಿಹೋಗುತ್ತವೆ. ಗ್ರಾಹಕವನ್ನೇ ಗುರುತಿಸುವ ಪ್ರತಿಕಾಯ ಬಳಸಿದಾಗ ಲೆಕ್ಕ ಸರಿಹೊಂದುತ್ತದೆ.

ಹಾಗೆಂದು ಈ ಕೋಶಗಳು ಹೆಚ್ಚಿರುವ ಮರಿ ಸುರಕ್ಷಿತವೆಂದು ತಿಳಿಯಬೇಡಿ. ಕುರಿಯ ಮಾಸುಚೀಲದ ಮೂಲಕ ತಾಯಿಯ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ. ಅವು ದೊರೆಯುವುದು ಗಿಣ್ಣುಹಾಲಿನಿಂದ. ಹುಟ್ಟಿದ ಒಂದು ದಿನದೊಳಗೆ ಕರುಳು ಅವನ್ನು ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಗಾಮಾ ಡೆಲ್ಟಾ ಕೋಶಗಳು ಆ ಕೊರತೆಯನ್ನು ತುಂಬಲಾರವು. ಪಿಪಿಆರ್‌ನಂಥ ವೈರಸ್ ರೋಗದ ವಿರುದ್ಧ ಬಾಳಿಕೆಯ ನೆನಪನ್ನು ಮೂಡಿಸುವುದು ಲಸಿಕೆಯೇ. ಅದನ್ನೂ ತೀರ ಮುಂಚೆ ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯಗಳೇ ಅದನ್ನು ನಿಷ್ಫಲಗೊಳಿಸುತ್ತವೆ. ಆದ್ದರಿಂದಲೇ ಮರಿಗೆ ಮೂರು ನಾಲ್ಕು ತಿಂಗಳಾಗುವವರೆಗೆ ಕಾಯುತ್ತಾರೆ.