ಬಿಳಿ ಕ್ರೀಮ್ ಕಪ್ಪಾಗುವುದು ಹೇಗೆ?

ಪ್ರಶ್ನೆ: ಕಲಸುವಾಗ ಬೆಳ್ಳಗಿರುವ ಹೇರ್ ಡೈ ತಲೆಗೆ ಹಚ್ಚಿದ ಮೇಲೆ ಕಪ್ಪಾಗುತ್ತದೆ, ತೊಳೆದರೂ ಹೋಗುವುದಿಲ್ಲ. ಏಕೆ?
– ಓದುಗರು, ಬಾಗೂರು, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ಟ್ಯೂಬಿನಲ್ಲಿ ಸಿದ್ಧ ಕಪ್ಪು ಬಣ್ಣ ಇರುವುದೇ ಇಲ್ಲ. ಅದು ನಿಮ್ಮ ಕೂದಲಿನೊಳಗೇ ತಯಾರಾಗುತ್ತದೆ.

ಕೂದಲಿನ ಹೊರಪದರದಲ್ಲಿ ಹೆಂಚು ಹೊದಿಸಿದಂತೆ ಹುರುಪೆಗಳಿವೆ. ಕ್ರೀಮಿನಲ್ಲಿರುವ ಅಮೋನಿಯಾ ಕೂದಲನ್ನು ಉಬ್ಬಿಸಿ ಅವುಗಳನ್ನು ಸಡಿಲಿಸುತ್ತದೆ. ಆಗ ಪಿಪಿಡಿ, ರಿಸಾರ್ಸಿನಾಲ್‌ನಂಥ ಬಣ್ಣವಿಲ್ಲದ ಪುಟ್ಟ ಅಣುಗಳು ಒಳತಿರುಳಾದ ಕಾರ್ಟೆಕ್ಸ್‌ಗೆ ನುಸುಳುತ್ತವೆ. ಕ್ರೀಮಿಗೆ ಬೆರೆಸುವ ಡೆವಲಪರ್ ಎಂದರೆ ಸಾಮಾನ್ಯವಾಗಿ 6% ಹೈಡ್ರೋಜನ್ ಪೆರಾಕ್ಸೈಡ್. ಅದು ಪಿಪಿಡಿಯನ್ನು ಉತ್ಕರ್ಷಿಸಿದಾಗ ಆ ಅಣುಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ವರ್ಣದ ಅಣುಗಳಾಗುತ್ತವೆ. ಇದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಹೀಗೆ ಬೆಳೆದ ಅಣುಗಳು ಬಂದ ದಾರಿಯಲ್ಲಿ ಸುಲಭವಾಗಿ ಹೊರಬರಲಾರವು. ಅದಕ್ಕೇ ಬಣ್ಣ ನಿಲ್ಲುತ್ತದೆ.

ಕಲಸಿ ಬಹಳ ಹೊತ್ತು ಇಟ್ಟರೆ ಇದೇ ಕ್ರಿಯೆ ಬಟ್ಟಲಲ್ಲೇ ನಡೆದುಬಿಡುತ್ತದೆ. ಕ್ರೀಮ್ ಆಗಲೇ ಕಪ್ಪಾಗಿದ್ದರೆ ಹಚ್ಚಬೇಡಿ. ದೊಡ್ಡದಾದ ಅಣುಗಳು ಒಳಹೋಗದೆ ಚರ್ಮಕ್ಕಷ್ಟೇ ಕಲೆ ಹತ್ತಿಸುತ್ತವೆ.

ಪಿಪಿಡಿ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಪೊಟ್ಟಣದ ಸೂಚನೆಯಂತೆ ಚರ್ಮದ ಮೇಲೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಊತ ಕಂಡರೆ ಆ ಡೈ ನಿಮಗಲ್ಲ.