ನಲವತ್ತು ಗುಂಡಿ ಎಂದಿತ್ತು ಪುಸ್ತಕ, ಹೊಲದಾಗ ಮೂವತ್ತೊಂದು

ವಿಜಯಪುರದ ಗಾಂಧಿ ಚೌಕದಲ್ಲಿ ನಿಂತು ‘ಸೋಶಿಯಲ್ ಆಡಿಟ್‌ಗೆ ಹೊಂಟೀನಿ’ ಅಂದರೆ ಗೆಳೆಯರು ‘ಅದೇನು, ಫೇಸ್‌ಬುಕ್ ಚೆಕ್ ಮಾಡೋದಾ?’ ಅಂತ ನಗುತ್ತಿದ್ದರು. ನಾನು ಹೊರಟಿದ್ದು ಉದ್ಯೋಗ ಖಾತ್ರಿ ಯೋಜನೆಯ ಸಾಮಾಜಿಕ ಪರಿಶೋಧನೆಗೆ, ಗ್ರಾಮ ಸಂಪನ್ಮೂಲ ವ್ಯಕ್ತಿಯಾಗಿ. ಊರು ಟಿಕೋಟಾ ತಾಲ್ಲೂಕಿನದು, ಪಂಚಾಯ್ತಿ ಹೆಸರು ಬೇಡ. ತಂಡದಲ್ಲಿದ್ದ ನಾವೆಲ್ಲ ಬಬಲೇಶ್ವರ ಕಡೆಯವರು. ಸ್ವಂತ ಊರಿನ ಲೆಕ್ಕವನ್ನು ತಾವೇ ನೋಡಬಾರದು ಅಂತ ಬೇರೆ ಊರಿಗೆ ಹಾಕುತ್ತಾರೆ.

2005ರ ಕಾಯ್ದೆಯ 17ನೇ ಕಲಮಿನಲ್ಲಿ ಈ ಪರಿಶೋಧನೆ ಗ್ರಾಮಸಭೆಯ ಕೆಲಸ ಎಂದೇ ಇತ್ತು. 2011ರ ನಿಯಮದ ಪ್ರಕಾರ ಆರು ತಿಂಗಳಿಗೊಮ್ಮೆ ನಡೆಯಬೇಕಿತ್ತು, ಸಭೆಗೆ 15 ದಿನ ಮೊದಲೇ ಕಡತಗಳು ತಂಡದ ಕೈಗೆ ಬರಬೇಕಿತ್ತು. ‘ಕಡತ ತಾಲ್ಲೂಕಿಗೆ ಹೋಗ್ಯಾವ್ರಿ’ ಎಂಬ ಉತ್ತರ ಮೊದಲ ದಿನವೇ ಬಂದರೆ, ಆ ಕಾಮಗಾರಿಯನ್ನೇ ಮೊದಲು ನೋಡಬೇಕು. ಇದು ನಾನು ಕಲಿತ ಮೊದಲ ಪಾಠ.

ಇಲ್ಲೂ ಹಾಗೇ ಆಯಿತು. ತಡವಾಗಿ ಸಿಕ್ಕ ಕಡತ ಒಂದು ಕಂದಕ ಬದುವಿನದು. ಹೊಲದ ಇಳಿಜಾರಿಗೆ ಅಡ್ಡವಾಗಿ ಗುಂಡಿ ತೋಡಿ, ಅದೇ ಮಣ್ಣನ್ನು ಬದುವಾಗಿ ಏರಿಸುವ ಕೆಲಸ. ಅಳತೆ ಪುಸ್ತಕದಲ್ಲಿ 40 ಗುಂಡಿ ಬರೆದಿದ್ದರು. ಒಂದೊಂದೂ 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 60 ಸೆಂಟಿಮೀಟರ್ ಆಳ. ಅಂದರೆ ಒಟ್ಟು 108 ಘನ ಮೀಟರ್ ಮಣ್ಣು. ಹಾಜರಿ ಪಟ್ಟಿಯಲ್ಲಿ, ಅದೇ ಎನ್‌ಎಂಆರ್‌ನಲ್ಲಿ, 10 ಜನ 7 ದಿನ ದುಡಿದಿದ್ದರು. ಆ ವರ್ಷ, 2024–25ರಲ್ಲಿ, ದಿನಗೂಲಿ 349 ರೂಪಾಯಿ. ಒಟ್ಟು 24,430 ರೂಪಾಯಿ ಪಾವತಿ. ಕಾಗದದಲ್ಲಿ ಎಲ್ಲ ಸರಿಯಾಗಿ ಕೂಡುತ್ತಿತ್ತು.

ಟೇಪು ಹಿಡಿದು ಹೊಲಕ್ಕೆ ಹೋದೆವು. ಆಳ ಎಲ್ಲೂ 40 ಸೆಂಟಿಮೀಟರ್ ದಾಟಲಿಲ್ಲ. ‘ಸಿಕ್ಕಿತು!’ ಅಂದ ನಮ್ಮ ತಂಡದ ಹುಡುಗ. ಆದರೆ ಎರೆಮಣ್ಣು ಒಂದೇ ಮಳೆಗೆ ಕೆಸರಾಗಿ ಗುಂಡಿ ತುಂಬುತ್ತದೆ. ತಳವನ್ನು ಸಲಿಕೆಯಿಂದ ಕೆದರಿದರೆ ಮೆತ್ತನೆಯ ಹೂಳು ಬರುತ್ತದೆ, ಅದರ ಕೆಳಗೆ ಗಟ್ಟಿ ನೆಲ ತಾಗುತ್ತದೆ. ಅಲ್ಲಿಂದ ಅಳೆದಾಗ 60ರ ಹತ್ತಿರವೇ ಬಂತು. ಆಳದ ಆಕ್ಷೇಪಣೆ ಬಿಟ್ಟೆವು. ಗುಂಡಿಗಳನ್ನು ಮಾತ್ರ ಎರಡು ಸಲ ಎಣಿಸಿದೆವು. 31. ಹೂಳು ತುಂಬಿದರೂ ಗುಂಡಿಯ ಅಂಚು ಉಳಿಯುತ್ತದೆ, ಪಕ್ಕದ ಬದು ಉಳಿಯುತ್ತದೆ. ಒಂಬತ್ತು ಗುಂಡಿ ಗುರುತೇ ಇಲ್ಲದೆ ಮಾಯವಾಗುವುದಿಲ್ಲ.

ಮುಂದಿನದು ಮನೆಮನೆ ಭೇಟಿ. ಹತ್ತು ಹೆಸರುಗಳಲ್ಲಿ ಇಬ್ಬರು ತರುಣರ ಮನೆಯಲ್ಲಿ ಜಾಬ್ ಕಾರ್ಡ್ ಕೇಳಿದರೆ ಆ ವರ್ಷದ ಪುಟ ಖಾಲಿ. ಅಜ್ಜಿಯೊಬ್ಬರು ಚಹಾ ಕೊಡುತ್ತಲೇ ಹೇಳಿಬಿಟ್ಟರು: ‘ಮಾಘದಾಗ ಅವ ಎಲ್ಲಿದ್ದಾನೋ ಯಪ್ಪಾ, ಕಬ್ಬ ಕಡ್ಯಾಕ ಕೊಲ್ಲಾಪುರ ಕಡೆ ಹೋಗಿದ್ದ. ಬಂದದ್ದು ಯುಗಾದಿಗೆ.’ ಎನ್‌ಎಂಆರ್ ಫೆಬ್ರವರಿಯದು.

ಹಾಗಾದರೆ ಆ್ಯಪ್? ದಿನಕ್ಕೆರಡು ಬಾರಿ NMMS ಆ್ಯಪಿನಲ್ಲಿ ಕೂಲಿಕಾರರ ಫೋಟೊ ಏರಿಸಬೇಕಿತ್ತಲ್ಲ? ಏರಿಸಿದ್ದರು. ಹತ್ತು ತಲೆ ಕಾಣುತ್ತಿದ್ದವು, ಯಾರ ಮುಖ ಯಾರದು ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಫೋಟೊದ ಫೋಟೊ, ಸಂಬಂಧವಿಲ್ಲದ ಫೋಟೊ ಏರಿಸುತ್ತಿದ್ದಾರೆ ಎಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ರಾಜ್ಯಗಳಿಗೆ ಬರೆಯಬೇಕಾಯಿತು. ನನ್ನ ಮಟ್ಟಿಗೆ ಆ ಅಜ್ಜಿಯ ಮಾತು ಆ್ಯಪಿಗಿಂತ ಗಟ್ಟಿ ಸಾಕ್ಷಿ.

ಇಬ್ಬರು, ಏಳು ದಿನ: 4,886 ರೂಪಾಯಿ. ಇಲ್ಲದ ಒಂಬತ್ತು ಗುಂಡಿಗಳ ಪಾಲು ಸುಮಾರು 5,500. ಎರಡು ಬೇರೆ ದಾರಿಯಿಂದ ಬಂದ ಲೆಕ್ಕ ಇಷ್ಟು ಹತ್ತಿರ ನಿಂತಾಗ ಅದು ಬರೀ ಅಳತೆಯ ತಪ್ಪು ಅನ್ನಿಸಲಿಲ್ಲ.

ವಿಶೇಷ ಗ್ರಾಮಸಭೆಗೆ ಬೇರೆ ಇಲಾಖೆಯ ನೋಡಲ್ ಅಧಿಕಾರಿ ಅಧ್ಯಕ್ಷರು. ವರದಿ ಓದಿದಾಗ ಸಭೆ ಮೌನ. ಕೂಲಿ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಊರಲ್ಲಿಲ್ಲದವನ ಖಾತೆಗೂ ಬಂದಿತ್ತು. ಅದರಲ್ಲಿ ಪಾಲು ಹಂಚಿಕೊಂಡವರು ದೂರು ಕೊಡುವುದಿಲ್ಲ, ದುಡಿದವರಿಗೆ ನಾಳೆ ಕೆಲಸ ತಪ್ಪುವ ಅಂಜಿಕೆ. 1994ರಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನ್ವಾಯಿ ನಡೆಸಿ ಮಸ್ಟರ್ ರೋಲ್ ಗಟ್ಟಿಯಾಗಿ ಓದಿದ್ದು ನೆನಪಾಯಿತು. ನಾನೂ ಹಾಗೇ ಮಾಡಿದೆ. ಹತ್ತು ಹೆಸರು, ಒಂದೊಂದಾಗಿ, ದಿನದ ಸಮೇತ.

ಎಂಟನೆಯ ಹೆಸರಿಗೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದರು. ‘ಸಾಹೇಬ್ರ, ನಾವು ಎಂಟ ಮಂದಿ ಇದ್ವಿರಿ. ಹತ್ತ ಮಂದಿ ಅಂತ ಯಾರ ಹೇಳ್ಯಾರ್ರಿ? ಬಿಸಿಲಾಗ ಸಲಿಕಿ ಹಿಡದವ್ರು ನಾವು. ಕುಡ್ಯಾಕ ನೀರ ಸೈತ ಇಡಲಿಲ್ಲ, ಅದನ್ನೂ ಬರಕೊಳ್ರಿ.’

ಆಮೇಲೆ ಮಾತು ನಿಲ್ಲಲಿಲ್ಲ. ಕಾಯಕ ಬಂಧು ‘ನಾ ಹೇಳಿದಂಗ ಬರದೀನ್ರಿ’ ಅಂದ. ಯಾರು ಹೇಳಿದಂಗ ಅಂತ ಕೇಳಿದರೆ ಉತ್ತರವಿಲ್ಲ. ನಡಾವಳಿಯಲ್ಲಿ 5,497 ರೂಪಾಯಿ ವಸೂಲಿಗೆ ಬರೆದೆವು. ಒಂದೇ ಕಳವನ್ನು ಎರಡು ಸಲ ಲೆಕ್ಕ ಹಿಡಿಯಬಾರದೆಂದು ಹಾಜರಿಯ 4,886 ಅನ್ನು ಬೇರೆಯಾಗಿ ಸೇರಿಸಲಿಲ್ಲ. ನೀರು, ನೆರಳಿನ ಕೊರತೆಯೂ ಆಕ್ಷೇಪಣೆಯಾಗಿ ಸೇರಿತು.

ವಸೂಲಿ ಮಾಡುವ ಅಧಿಕಾರ ನಮಗಿಲ್ಲ. ನಾವು ಬರೆಯುತ್ತೇವೆ, ಅನುಪಾಲನೆ ಮಾಡಬೇಕಾದವರು ತಾಲ್ಲೂಕು, ಜಿಲ್ಲಾ ಪಂಚಾಯ್ತಿಯವರು. ಮುಂದಿನ ಸುತ್ತಿನಲ್ಲಿ ಅದೇ ಊರಿಗೆ ಹೋದ ತಂಡದವರನ್ನು ವಿಚಾರಿಸಿದೆ. ಹಣ ಇನ್ನೂ ಕಟ್ಟಿರಲಿಲ್ಲವಂತೆ. ಆದರೆ ಆ ಅಕ್ಕ ಎನ್‌ಎಂಆರ್ ತೆಗೆದಾಗಲೆಲ್ಲ ಪಂಚಾಯ್ತಿಗೆ ಹೋಗಿ ‘ಹೆಸರು ಎಷ್ಟದಾವ, ಓದ್ರಿ’ ಅಂತ ನಿಲ್ಲುತ್ತಾರಂತೆ.